ಜೆರಾಕ್ಸ್ ಆದ ಮೇಲೂ ಕೆರೆ ಕೆರೆಯಾಗಿಯೇ ಕಾಣಬೇಕಾದರೆ: ಭೂಬಳಕೆ ನಕ್ಷೆಯ ಚಿಹ್ನೆ ಮತ್ತು ಸೂಚಿ

ಹಳ್ಳಿಯ ಭೂಬಳಕೆ ನಕ್ಷೆಯ ಬಣ್ಣದ ಪ್ರತಿ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತದೆ. ಒಂದು ಪಂಚಾಯಿತಿ ಗೋಡೆಯ ಮೇಲೆ, ಇನ್ನೊಂದು ಕಡತದಲ್ಲಿ. ಜನರ ಕೈಗೆ ಬರುವುದೆಲ್ಲ ಅದರ ಜೆರಾಕ್ಸ್, ಅಥವಾ ಜೆರಾಕ್ಸಿನ ಜೆರಾಕ್ಸ್. ತಕರಾರು ಅರ್ಜಿಗೆ ಲಗತ್ತಿಸುವುದು ಅದನ್ನೇ, ಗ್ರಾಮಸಭೆಯಲ್ಲಿ ಕೈಯಿಂದ ಕೈಗೆ ಹೋಗುವುದೂ ಅದೇ. ಹೀಗಾಗಿ ಗೋಡೆಯ ಮೇಲಿನ ಬಣ್ಣದ ಹಾಳೆಗಿಂತ ಈ ಕಪ್ಪುಬಿಳುಪು ಪ್ರತಿಯನ್ನೇ ಅಸಲಿ ನಕ್ಷೆ ಎಂದು ಭಾವಿಸಿ ಚಿಹ್ನೆಗಳನ್ನು ರೂಪಿಸುವುದು ಸರಿ. ಬಣ್ಣವನ್ನು ಆಮೇಲೆ ಬೇಕಾದರೆ ಸೇರಿಸಬಹುದು.

ಬಣ್ಣ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ಲೆಕ್ಕದಿಂದಲೇ ತಿಳಿಯಬಹುದು. ಬಣ್ಣವನ್ನು ಬೂದುಛಾಯೆಗೆ ಇಳಿಸುವ ರೂಢಿಯ ಸೂತ್ರ ಇದು:

```
Y = 0.299 R + 0.587 G + 0.114 B
```

ಇಲ್ಲಿ R, G, B ಎಂದರೆ ಬಣ್ಣದಲ್ಲಿರುವ ಕೆಂಪು, ಹಸಿರು, ನೀಲಿಯ ಬೆಲೆ, Y ಎಂದರೆ ಬೂದುಛಾಯೆಯ ಬೆಲೆ. Y 0 ಎಂದರೆ ಕಡುಕಪ್ಪು, 255 ಎಂದರೆ ಬಿಳಿ. ತರಿ ಜಮೀನಿಗೆ ತಿಳಿಹಸಿರು (144, 238, 144), ಕೆರೆಗೆ ತಿಳಿನೀಲಿ (173, 216, 230) ಹಾಕಿದ್ದೀರಿ ಎನ್ನಿ. ಕಣ್ಣಿಗೆ ಎರಡೂ ಸ್ಪಷ್ಟವಾಗಿ ಬೇರೆ ಬೇರೆ. ಸೂತ್ರಕ್ಕೆ ಹಾಕಿದರೆ ಮೊದಲನೆಯದು 199, ಎರಡನೆಯದು 205. 255 ಮೆಟ್ಟಿಲುಗಳಲ್ಲಿ ಬರೀ 6 ಮೆಟ್ಟಿಲಿನ ವ್ಯತ್ಯಾಸ. ಜೆರಾಕ್ಸಿನಲ್ಲಿ ಕೆರೆಯೂ ಅದರ ಅಚ್ಚುಕಟ್ಟಿನ ಗದ್ದೆಯೂ ಒಂದೇ ಮಬ್ಬು ತೇಪೆಯಾಗುತ್ತವೆ. ಒತ್ತುವರಿ ತಕರಾರುಗಳು ಹುಟ್ಟುವುದೇ ಈ ಎರಡರ ನಡುವಿನ ಗಡಿಯಲ್ಲಿ ಎಂಬುದನ್ನು ನೆನೆದರೆ, ಇದು ಸಣ್ಣ ತೊಡಕಲ್ಲ. ಪಟ್ಟಣದ ಯೋಜನಾ ನಕ್ಷೆಗಳಲ್ಲೂ ಇದೇ ಕಥೆ. ಸಾರ್ವಜನಿಕ ಬಳಕೆಯ ಅಚ್ಚ ಕೆಂಪು (255, 0, 0) 76ಕ್ಕೆ ಇಳಿಯುತ್ತದೆ, ಕೈಗಾರಿಕೆಯ ನೇರಳೆ (148, 0, 211) 68ಕ್ಕೆ. ಶಾಲೆ ಯಾವುದು, ಕಾರ್ಖಾನೆ ಯಾವುದು ಎಂದು ಪ್ರತಿಯನ್ನು ನೋಡಿ ಹೇಳಲಾಗದು. ಪ್ರತಿ ಯಂತ್ರದ ಸಂವೇದಕವೂ ಈ ಸೂತ್ರದಂತೆಯೇ ನಡೆಯುವುದಿಲ್ಲ, ಆದರೆ ಎಲ್ಲಿ ಅಪಾಯವಿದೆ ಎಂದು ತೋರಿಸಲು ಇಷ್ಟು ಸಾಕು.

ಹಾಗಾದರೆ ಬಣ್ಣ ಬಿಟ್ಟು ಏಳು ಬಗೆಯ ಬೂದುಛಾಯೆಗಳನ್ನೇ ಹಾಕಿದರೆ? ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಯಂತ್ರದ ಕೆಳಗೆ ನಿಲ್ಲುವುದಿಲ್ಲ. ಜೆರಾಕ್ಸ್ ಯಂತ್ರದೊಳಗೆ ಇರುವುದು ಕಪ್ಪು ಪುಡಿ ಒಂದೇ, ಬೂದು ಎಂಬುದು ಅದಕ್ಕಿಲ್ಲ. ಬೂದನ್ನು ಅದು ಸಣ್ಣ ಚುಕ್ಕೆಗಳಾಗಿ ಒಡೆದು ತೋರಿಸುತ್ತದೆ. ಆ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡಿದಾಗ ಎರಡನೆಯ ಯಂತ್ರ ಆ ಚುಕ್ಕೆಗಳನ್ನು ಇನ್ನೊಮ್ಮೆ ಚುಕ್ಕೆಗಳಾಗಿ ಒಡೆಯುತ್ತದೆ. ಎರಡು ಜಾಲರಿಗಳನ್ನು ಒಂದರ ಮೇಲೊಂದು ಇಟ್ಟಂತೆ ಅಲೆಅಲೆಯ ಕಲೆಗಳು ಏಳುತ್ತವೆ. ಜೊತೆಗೆ ತೀರ ತಿಳಿಯಾದ ಬೂದು ಬಿಳಿಯಾಗಿ ಹಾರಿಹೋಗುತ್ತದೆ, ಗಾಢವಾದದ್ದರ ಸಂದುಗಳು ಪುಡಿಯಿಂದ ತುಂಬಿ ಕಪ್ಪಾಗುತ್ತವೆ. ಮೂರನೆಯ ಪ್ರತಿಯ ಹೊತ್ತಿಗೆ ಏಳು ಛಾಯೆಗಳಲ್ಲಿ ನಂಬಬಹುದಾದವು ಬಿಳಿ, ನಡುಬೂದು, ಕಪ್ಪು ಅಷ್ಟೇ.

ಇನ್ನೊಂದು ಮೋಸ ನಮ್ಮ ಕಣ್ಣಿನದು. ಒಂದೇ ಬೂದು ಕಪ್ಪಿನ ಪಕ್ಕದಲ್ಲಿ ತಿಳಿಯಾಗಿ, ಬಿಳಿಯ ಪಕ್ಕದಲ್ಲಿ ಗಾಢವಾಗಿ ಕಾಣುತ್ತದೆ. ಯಾವ ಚಿಹ್ನೆ ಏನು ಎಂದು ಹೇಳುವ ಸೂಚಿಯ ಚೌಕದ ಸುತ್ತ ಬಿಳಿ ಇರುತ್ತದೆ, ನಕ್ಷೆಯೊಳಗೆ ಅದೇ ಬೂದಿನ ಸುತ್ತ ಬೇರೆ ಬೇರೆ ಛಾಯೆಗಳಿರುತ್ತವೆ. ಹಾಗಾಗಿ ಮೊದಲ ಪ್ರತಿಯಲ್ಲೇ ಓದುಗ ಸೂಚಿಯೊಂದಿಗೆ ತಪ್ಪಾಗಿ ಹೊಂದಿಸಿ ನೋಡುತ್ತಾನೆ.

ಆದ್ದರಿಂದ ಗುರುತಿನ ಭಾರವನ್ನು ಛಾಯೆಯ ಮೇಲೆ ಹೊರಿಸದೆ ಆಕಾರದ ಮೇಲೆ ಹೊರಿಸಬೇಕು. ಗೆರೆ, ಚುಕ್ಕೆ, ತ್ರಿಕೋನ, ಇವೆಲ್ಲ ಅಚ್ಚ ಕಪ್ಪಿನಲ್ಲಿ, ಅಚ್ಚ ಬಿಳಿಯ ಮೇಲೆ. ಹೀಗಿದ್ದರೆ ಯಂತ್ರ ಅದನ್ನು ಅಕ್ಷರದಂತೆ ಕಾಣುತ್ತದೆ, ಚುಕ್ಕೆಯಾಗಿ ಒಡೆಯುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ.

ಗೆರೆ ಎಷ್ಟು ದಪ್ಪ, ಸಂದು ಎಷ್ಟು ಅಗಲ ಎಂಬುದಕ್ಕೆ ಬರುವ ಮೊದಲು ಅಳತೆ ನಿಶ್ಚಯವಾಗಬೇಕು. 3 ಕಿ.ಮೀ. ಉದ್ದ, 2.4 ಕಿ.ಮೀ. ಅಗಲದ ಒಂದು ಹಳ್ಳಿಯನ್ನು ಎ3 ಹಾಳೆಯಲ್ಲಿ 1:10,000ರ ಪ್ರಮಾಣದಲ್ಲಿ ಬಿಡಿಸುತ್ತೇವೆ ಎಂದಿಟ್ಟುಕೊಳ್ಳಿ. ನಕ್ಷೆ 300 × 240 ಮಿ.ಮೀ. ಆಗುತ್ತದೆ, ಪಕ್ಕದಲ್ಲಿ ಸೂಚಿಗೆ ಬೇಕಾದಷ್ಟು ಜಾಗ ಉಳಿಯುತ್ತದೆ. ಈ ಪ್ರಮಾಣದ ಒಂದು ಅನುಕೂಲ ನಮ್ಮ ಕಡೆಯವರಿಗೆ ತಟ್ಟನೆ ಹಿಡಿಸುತ್ತದೆ: ಇಲ್ಲಿ 1 ಗುಂಟೆ ಎಂದರೆ ಕಾಗದದ ಮೇಲೆ ಹೆಚ್ಚುಕಡಿಮೆ 1 ಚದರ ಮಿ.ಮೀ. ಒಂದು ಎಕರೆಯ ಚೌಕ 40 ಚದರ ಮಿ.ಮೀ., ಅಂದರೆ ಬದಿಗೆ ಸುಮಾರು 6.4 ಮಿ.ಮೀ. ಅದನ್ನು ಎ4ಕ್ಕೆ ಇಳಿಸಿದಾಗ, ಯಂತ್ರದ ಮೇಲೆ 71% ಎಂದು ತೋರುವ ಗುಂಡಿ, ಬದಿ 4.5 ಮಿ.ಮೀ.ಗೆ ಕುಗ್ಗುತ್ತದೆ. ಅಂಗಡಿಯಲ್ಲಿ ಬಹುಪಾಲು ಪ್ರತಿ ಆಗುವುದು ಎ4ಕ್ಕೇ, ಏಕೆಂದರೆ ಎಲ್ಲ ಯಂತ್ರಗಳೂ ಎ3 ಹಾಳೆ ತೆಗೆದುಕೊಳ್ಳುವುದಿಲ್ಲ.

ಇದರಿಂದ ಮೂರು ಮಿತಿಗಳು ತಾವಾಗಿ ಬರುತ್ತವೆ. ಒಂದು ವಿನ್ಯಾಸವನ್ನು ಗುರುತಿಸಲು ಅದು ತುಂಡಿನೊಳಗೆ ಕಡೇಪಕ್ಷ ಮೂರು ಸಲ ಮರುಕಳಿಸಬೇಕು. ಹಾಗಾಗಿ ಒಂದು ಎಕರೆಯ ತುಂಡಿಗೆ ಹಾಕುವ ಗೆರೆ ಅಥವಾ ಚುಕ್ಕೆಗಳ ಅಂತರ ಎ3ರಲ್ಲಿ 2 ಮಿ.ಮೀ. ದಾಟಬಾರದು. 0.25 ಮಿ.ಮೀ.ಗಿಂತ ತೆಳು ಗೆರೆ ಬೇಡ, ಕುಗ್ಗಿದಾಗ 0.18 ಆಗಿ ಎರಡು ಮೂರು ಪ್ರತಿಗಳ ನಂತರ ಅಲ್ಲಲ್ಲಿ ತುಂಡಾಗುತ್ತದೆ. ಎರಡು ಗೆರೆಗಳ ನಡುವಿನ ಬಿಳಿ ಸಂದು 0.6 ಮಿ.ಮೀ.ಗಿಂತ ಕಿರಿದಾಗಬಾರದು, ಕಿರಿದಾದರೆ ತುಂಬಿಹೋಗುತ್ತದೆ. ಎಕರೆಗಿಂತ ಚಿಕ್ಕ ತುಂಡುಗಳಿಗೆ ವಿನ್ಯಾಸ ಹಾಕುವುದನ್ನೇ ಬಿಟ್ಟು ಅಕ್ಷರದ ಗುರುತು ಕೊಡುವುದು ಲೇಸು. ಹತ್ತು ಗುಂಟೆಯ ಬಾಗಾಯ್ತಿನೊಳಗೆ ಎರಡೋ ಮೂರೋ ಚುಕ್ಕೆ ಬಿದ್ದರೆ ಅದು ಬಾಗಾಯ್ತು ಎಂದು ಯಾರಿಗೂ ಹೊಳೆಯದು.

ಈಗ ಚಿಹ್ನೆಗಳು. ನಮ್ಮ ಹಳ್ಳಿಯಲ್ಲಿ ಏಳು ಬಗೆ ಇವೆ: ಖುಷ್ಕಿ, ತರಿ, ಬಾಗಾಯ್ತು, ಗೋಮಾಳ, ಅರಣ್ಯ, ಕೆರೆ, ಊರು. ಏಳಕ್ಕೂ ಸಂಬಂಧವಿಲ್ಲದ ಏಳು ವಿನ್ಯಾಸ ಹಾಕಿದರೆ ಓದುಗ ಪ್ರತಿ ಸಲವೂ ಸೂಚಿಗೆ ಹೋಗಿ ಬರಬೇಕಾಗುತ್ತದೆ. ಕುಟುಂಬ ಮಾಡಿ ಹಂಚಿದರೆ ಒಮ್ಮೆ ನೋಡಿದ್ದು ನೆನಪಿನಲ್ಲಿ ನಿಲ್ಲುತ್ತದೆ. ನೀರು ಮಟ್ಟಸವಾಗಿ ನಿಲ್ಲುತ್ತದೆ, ಆದ್ದರಿಂದ ಅಡ್ಡಗೆರೆ ನೀರಿಗೆ. ಮರಗಿಡಕ್ಕೆ ಬಿಡಿಬಿಡಿ ಗುರುತು. ಮನೆಮಠಕ್ಕೆ ಓರೆಗೆರೆ.

ಅತಿ ಹೆಚ್ಚು ಜಾಗ ಆಕ್ರಮಿಸಿದ ಬಗೆ ಬಿಳಿಯಾಗಿರಬೇಕು. ಬಯಲುಸೀಮೆಯ ಹಳ್ಳಿಯಲ್ಲಿ ಅದು ಖುಷ್ಕಿ. ಸರ್ವೆ ನಂಬರುಗಳಲ್ಲಿ ಬಹುಪಾಲು ಅಲ್ಲೇ ಇರುತ್ತವೆ, ಬಿಳಿಯ ಮೇಲೆ ಅವು ನಿಚ್ಚಳವಾಗಿ ಓದಿಸಿಕೊಳ್ಳುತ್ತವೆ. ಮಲೆನಾಡಿನ ಹಳ್ಳಿಯಾದರೆ ಆ ಬಿಳಿ ಅರಣ್ಯಕ್ಕೋ ಬಾಗಾಯ್ತಿಗೋ ಹೋಗಬಹುದು, ಆಗ ಖುಷ್ಕಿಗೆ ಬೇರೆ ವಿನ್ಯಾಸ ಹುಡುಕಬೇಕು. ಬಿಳಿ ಬಿಡುವಾಗ ಒಂದು ಎಚ್ಚರ: ಅಳತೆಯಾಗದ, ಮಾಹಿತಿ ಸಿಗದ ಜಾಗವನ್ನೂ ಬಿಳಿ ಬಿಟ್ಟರೆ ಅದು ಖುಷ್ಕಿ ಎಂದೇ ಓದಿಸಿಕೊಳ್ಳುತ್ತದೆ. ಅಂಥ ತುಂಡಿನೊಳಗೆ ‘ಮಾಹಿತಿ ಇಲ್ಲ’ ಎಂದು ಅಕ್ಷರದಲ್ಲೇ ಬರೆಯಿರಿ.

ಕೆರೆಗೆ 0.35 ಮಿ.ಮೀ. ದಪ್ಪದ ಅಖಂಡ ಅಡ್ಡಗೆರೆ, ಗೆರೆಯ ನಡುವಿನಿಂದ ನಡುವಿಗೆ 1.2 ಮಿ.ಮೀ. ಅಂತರದಲ್ಲಿ. ಕಾಗದದ ಸುಮಾರು 29% ಕಪ್ಪಾಗುತ್ತದೆ. ತರಿಗೆ ಅದೇ ಅಡ್ಡಗೆರೆಯೇ, ಆದರೆ ತುಂಡುತುಂಡು: 0.3 ಮಿ.ಮೀ. ದಪ್ಪ, 2 ಮಿ.ಮೀ. ಗೆರೆ, 1 ಮಿ.ಮೀ. ಬಿಡುವು, ಸಾಲುಗಳ ನಡುವೆ 2 ಮಿ.ಮೀ. ಇಲ್ಲಿ ಕಪ್ಪು 10% ಮಾತ್ರ. ನೀರಿನ ನಂಟು ಎರಡರಲ್ಲೂ ಕಾಣುತ್ತದೆ, ಆದರೂ ಗಾಢತೆಯಲ್ಲಿ ಸುಮಾರು ಮೂರು ಪಟ್ಟು ಅಂತರವಿದೆ. ಈ ಎರಡನೆಯ ಅಂತರ ಬಹಳ ಮುಖ್ಯ. ಪ್ರತಿ ಕೆಟ್ಟು ತರಿಯ ಬಿಡುವುಗಳು ಮುಚ್ಚಿಕೊಂಡರೂ ಸಾಲುಗಳ ದೂರ ಉಳಿದಿರುತ್ತದೆ, ಕೆರೆಯೊಂದಿಗೆ ಬೆರೆಯುವುದಿಲ್ಲ. ಯಾವುದೇ ಎರಡು ಬಗೆಗಳು ಒಂದೇ ಲಕ್ಷಣದಿಂದ ಬೇರೆಯಾಗಿದ್ದರೆ ಅದು ಒಂಟಿ ಎಳೆಯ ದಾರ. ಎರಡು ಲಕ್ಷಣಗಳಿಂದ ಬೇರೆಯಾಗಿರಲಿ.

ಬಾಗಾಯ್ತಿಗೆ 0.8 ಮಿ.ಮೀ. ವ್ಯಾಸದ ಕಪ್ಪು ಚುಕ್ಕೆ, 2 ಮಿ.ಮೀ. ಅಂತರದ ಚೌಕ ಸಾಲಿನಲ್ಲಿ. ಅಡಿಕೆ, ತೆಂಗು ನೆಟ್ಟಂತೆಯೇ ಸಾಲು ಹಿಡಿದು ನಿಂತಿರುತ್ತದೆ. ಅರಣ್ಯಕ್ಕೆ ಸಾಲು ತಪ್ಪಿದ ಪುಟ್ಟ ತ್ರಿಕೋನಗಳು, ತಳ 1.3, ಎತ್ತರ 1.4 ಮಿ.ಮೀ., ಒಳಗೆ ತುಂಬಿದ ಕಪ್ಪು. ತ್ರಿಕೋನವನ್ನು ಟೊಳ್ಳಾಗಿ ಬಿಡಬೇಡಿ, ಎರಡನೆಯ ಪ್ರತಿಯಲ್ಲಿ ಕೆಲವು ತುಂಬಿ ಕೆಲವು ಟೊಳ್ಳಾಗಿಯೇ ಉಳಿದು, ಅರಣ್ಯದಲ್ಲಿ ಎರಡು ಬಗೆ ಇದ್ದಂತೆ ತೋರುತ್ತದೆ. ಗೋಮಾಳಕ್ಕೆ ಹುಲ್ಲಿನ ಗುಚ್ಛ: 1 ಮಿ.ಮೀ. ಉದ್ದದ ಮೂರು ಪುಟ್ಟ ಕಡ್ಡಿಗಳು. ಗೋಮಾಳದ ತುಂಡುಗಳು ದೊಡ್ಡವಾಗಿರುವುದರಿಂದ ಇಲ್ಲಿ ಮಾತ್ರ ಅಂತರ 4 ಮಿ.ಮೀ.ವರೆಗೆ ಹೋಗಬಹುದು, ಕಪ್ಪು 5%ಕ್ಕಿಂತ ಕಡಿಮೆ. ಊರಿಗೆ 45 ಡಿಗ್ರಿಯ ಓರೆಗೆರೆ, 0.4 ಮಿ.ಮೀ. ದಪ್ಪ, 1 ಮಿ.ಮೀ. ಅಂತರ. ಇದು 40%, ನಕ್ಷೆಯಲ್ಲೇ ಅತಿ ಗಾಢ. ಊರನ್ನು ಇಡಿಯಾಗಿ ಕಪ್ಪು ತುಂಬುವ ಆಸೆಯನ್ನು ತಡೆದುಕೊಳ್ಳಬೇಕು. ದೊಡ್ಡ ಕಪ್ಪು ಜಾಗವನ್ನು ಅನೇಕ ಯಂತ್ರಗಳು ಅಂಚಿನಲ್ಲಿ ಗಾಢವಾಗಿ, ನಡುವೆ ಪೇಲವವಾಗಿ ಮುದ್ರಿಸುತ್ತವೆ. ಮೇಲೆ ಹೆಸರು ಬರೆಯಲೂ ಜಾಗವಿರುವುದಿಲ್ಲ.

ಬಲಕ್ಕೆ ಓರೆ, ಎಡಕ್ಕೆ ಓರೆ ಎಂಬಷ್ಟನ್ನೇ ನೆಚ್ಚಿ ಎರಡು ಬಗೆ ಮಾಡುವವರಿದ್ದಾರೆ. ದೊಡ್ಡ ತುಂಡಿನಲ್ಲಿ ನಡೆಯುತ್ತದೆ, ಕಿರಿದಾದ ಪಟ್ಟಿಯಂಥ ಹಿಡುವಳಿಯಲ್ಲಿ ದಿಕ್ಕೇ ಗೊತ್ತಾಗುವುದಿಲ್ಲ.

ಬಣ್ಣ ಬೇಕೇಬೇಕು ಎಂಬ ನಿಯಮವಿದ್ದರೆ ಈ ವಿನ್ಯಾಸಗಳ ಹಿಂದೆ ತೀರ ತಿಳಿಯಾದ ಬಣ್ಣ ಹಾಸಿ, Y ಬೆಲೆ 225ಕ್ಕೆ ಮೇಲಿರುವಂಥದ್ದು. ಜೆರಾಕ್ಸಿನಲ್ಲಿ ಅದು ಬಹುಮಟ್ಟಿಗೆ ಮಾಯವಾಗುತ್ತದೆ, ಕಪ್ಪು ವಿನ್ಯಾಸ ಉಳಿಯುತ್ತದೆ. ಹಿಂದೆ ಪತ್ರಿಕಾಲಯಗಳಲ್ಲಿ ಪುಟ ಜೋಡಿಸುವವರು ಗುರುತು ಹಾಕಲು ತಿಳಿನೀಲಿ ಪೆನ್ಸಿಲನ್ನೇ ಬಳಸುತ್ತಿದ್ದದ್ದು ಇದೇ ಗುಣಕ್ಕಾಗಿ: ಅಚ್ಚಿನ ಕ್ಯಾಮೆರಾದ ಫಿಲಂಗೆ ಅದು ಕಾಣುತ್ತಿರಲಿಲ್ಲ.

ಗೆರೆಗಳ ಪಾಡು ಇನ್ನೊಂದು ಬಗೆಯದು. ಬಣ್ಣದ ನಕ್ಷೆಯಲ್ಲಿ ಹಳ್ಳ ನೀಲಿ, ರಸ್ತೆ ಕೆಂಪು, ಗಡಿ ಕಪ್ಪು. ಬಣ್ಣ ಹೋದೊಡನೆ ಮೂರೂ ಒಂದೇ ಕಪ್ಪುಗೆರೆ. ಹಳ್ಳವನ್ನು ದಾರಿ ಎಂದು, ದಾರಿಯನ್ನು ಸರ್ವೆ ಗಡಿ ಎಂದು ಓದಿದರೆ ಬರುವ ತೊಂದರೆಯನ್ನು ವಿವರಿಸಬೇಕಿಲ್ಲ. ಆದ್ದರಿಂದ ರಸ್ತೆಗೆ ಯಾವಾಗಲೂ ಜೋಡಿಗೆರೆ, ನಡುವೆ 0.8 ಮಿ.ಮೀ. ಬಿಳಿ. ಹಳ್ಳಕ್ಕೆ ಒಂಟಿಗೆರೆ, ಮೇಲಿನಿಂದ ಕೆಳಗೆ ಬರುತ್ತ ದಪ್ಪವಾಗುವಂಥದ್ದು, 30 ಮಿ.ಮೀ.ಗೊಂದು ಹರಿವಿನ ಬಾಣ. ಕಾಲುದಾರಿಗೆ ಚುಕ್ಕೆಸಾಲು. ಸರ್ವೆ ಗಡಿ 0.25 ಮಿ.ಮೀ. ಸಾದಾ ಗೆರೆ, ಗ್ರಾಮದ ಗಡಿ 0.7 ಮಿ.ಮೀ. ದಪ್ಪದ ಗೆರೆ-ಚುಕ್ಕೆ.

ಅಕ್ಷರಗಳ ವಿಷಯದಲ್ಲಿ ಕನ್ನಡಕ್ಕೇ ಸೇರಿದ ಕೆಲವು ಮಾತುಗಳಿವೆ. ಪ್ರತಿ ತುಂಡಿನೊಳಗೂ ಬಗೆಯ ಗುರುತಕ್ಷರ ಬರೆಯಬೇಕು, ಏಕೆಂದರೆ ಜನ ತಮ್ಮ ಸರ್ವೆ ನಂಬರಿನ ಸುತ್ತಲ ಭಾಗವನ್ನಷ್ಟೇ ಜೆರಾಕ್ಸ್ ಮಾಡಿಸುತ್ತಾರೆ, ಸೂಚಿ ಆ ಹಾಳೆಗೆ ಬರುವುದೇ ಇಲ್ಲ. ಆದರೆ ವ, ಪ, ಮ, ಷ ಇವು ಸಣ್ಣ ಅಳತೆಯಲ್ಲಿ, ಪುಡಿ ಹರಡಿದ ಪ್ರತಿಯಲ್ಲಿ, ಒಂದರಂತೆ ಒಂದು ಕಾಣುತ್ತವೆ. ಬ ಮತ್ತು ಭ ಕೂಡ ಹಾಗೇ. ‘ವ’ ವಸತಿಗೆ, ‘ಪ’ ಪಾಳುಭೂಮಿಗೆ ಎಂದು ಒಟ್ಟಿಗೆ ಇಟ್ಟರೆ ಗೊಂದಲ ಖಚಿತ. ಒತ್ತಕ್ಷರವೂ ವಟ್ರಸುಳಿಯೂ ಕೆಳಗೆ ಜೋತುಬಿದ್ದು ಗೆರೆಗೆ ತಾಗಿ ಕಲೆಯಾಗುತ್ತವೆ, ಆದ್ದರಿಂದ ‘ವ್ಯ’, ‘ಕೃ’ ಬೇಡ. ನಮ್ಮ ಏಳು ಬಗೆಗೆ ಖು, ತ, ಬಾ, ಗೋ, ಅ ಸಾಕು. ಕೆರೆ, ಊರು ಎಂಬುವು ಚಿಕ್ಕ ಪದಗಳು, ಪೂರ್ತಿ ಬರೆದುಬಿಡಿ. ಎ3ರಲ್ಲಿ ಅಕ್ಷರ 10 ಪಾಯಿಂಟ್ ಇದ್ದರೆ ಎ4ರಲ್ಲಿ 7 ಆಗುತ್ತದೆ, ಅದಕ್ಕಿಂತ ಕೆಳಗೆ ಹೋಗಬೇಡಿ. ಸರ್ವೆ ನಂಬರುಗಳಿಗೆ ಕನ್ನಡ ಅಂಕಿ ಬಳಸಲು ಮನಸ್ಸಾಗುತ್ತದೆ, ಆದರೆ ೦ ಮತ್ತು ೧, ೬ ಮತ್ತು ೯ ಸವೆದ ಪ್ರತಿಯಲ್ಲಿ ಅದಲುಬದಲಾಗುತ್ತವೆ. ಇಲ್ಲಿ ಮಾತ್ರ 1, 2, 3 ಇರಲಿ. ಗೆರೆಗಳ ಮೇಲೆ ಬರುವ ಪ್ರತಿ ಬರಹದ ಸುತ್ತ 0.6 ಮಿ.ಮೀ. ಬಿಳಿ ಅಂಚು ಬಿಡಿ.

ಸೂಚಿಯ ಚೌಕಗಳು ಸಾಮಾನ್ಯವಾಗಿ ಕೆಡುವುದು ಕಿರಿದಾಗಿರುವುದರಿಂದ. ನಕ್ಷೆ ಬಿಡಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಸೂಚಿಯ ಚೌಕ ತಾನಾಗಿ 7 × 4 ಮಿ.ಮೀ. ಬರುತ್ತದೆ. ಅದರೊಳಗೆ 2 ಮಿ.ಮೀ. ಅಂತರದ ಚುಕ್ಕೆ ಎರಡೇ ಸಾಲು ಹಿಡಿಯುತ್ತದೆ. `Symbol width` 16, `Symbol height` 10 ಮಾಡಿ. ವಿನ್ಯಾಸದ ಅಳತೆ ಚೌಕದಲ್ಲೂ ನಕ್ಷೆಯಲ್ಲೂ ಒಂದೇ ಇರಬೇಕು, ಹಾಗಾಗಿ `Line Pattern Fill`, `Point Pattern Fill` ಎರಡರಲ್ಲೂ ಅಳತೆಯನ್ನು `Millimeters`ನಲ್ಲೇ ಕೊಡಿ. ಅರಣ್ಯದ `Random Marker Fill`ನಲ್ಲಿ `Absolute count` ಇಟ್ಟರೆ ನೂರು ಎಕರೆಗೂ ಸೂಚಿಯ ಪುಟ್ಟ ಚೌಕಕ್ಕೂ ಅಷ್ಟೇ ತ್ರಿಕೋನಗಳು ಬಿದ್ದು ಚೌಕ ಕಪ್ಪಗಾಗುತ್ತದೆ. `Density-based count` ಆರಿಸಿ. ಇನ್ನೊಂದು: ಪಕ್ಕಪಕ್ಕದ ಎರಡು ತರಿ ನಂಬರುಗಳ ಅಡ್ಡಗೆರೆಗಳು ಒಂದಕ್ಕೊಂದು ಕೂಡದೆ ಮುರಿದಂತೆ ಕಂಡರೆ, ಭೂಬಳಕೆಯ ಪದರವನ್ನು `Dissolve` ಮಾಡಿ ಒಂದಾಗಿಸಿ, ಸರ್ವೆ ಗಡಿಗಳನ್ನು ಬೇರೆ ಪದರವಾಗಿ ಮೇಲೆ ಇಡಿ.

ಸೂಚಿಯಲ್ಲಿ ಚೌಕದ ಒಳಗೇ ಗುರುತಕ್ಷರವನ್ನೂ ಬರೆಯಿರಿ, ನಕ್ಷೆಯಲ್ಲಿ ಕಾಣುವ ಹಾಗೆಯೇ. ಬಿಳಿಯ ಖುಷ್ಕಿಗೂ ಚೌಕ ಬೇಕು. ಅಕಾರಾದಿ ಬಿಟ್ಟು ಕುಟುಂಬದ ಪ್ರಕಾರ ಜೋಡಿಸಿ: ಕೆರೆಯ ಕೆಳಗೇ ತರಿ, ಬಾಗಾಯ್ತಿನ ಪಕ್ಕ ಅರಣ್ಯ. ಗೊಂದಲವಾಗಬಹುದಾದ ಜೋಡಿ ಹತ್ತಿರವಿದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರಮಾಣವನ್ನು 1:10,000 ಎಂದು ಮಾತ್ರ ಬರೆದರೆ ಎ4 ಪ್ರತಿಯಲ್ಲಿ ಅದು ಸುಳ್ಳಾಗುತ್ತದೆ, ಅಲ್ಲಿ ನಿಜವಾದದ್ದು ಸುಮಾರು 1:14,100. ಆದ್ದರಿಂದ 1 ಕಿ.ಮೀ.ಯ ಅಳತೆಪಟ್ಟಿಯನ್ನು ಬಿಡಿಸಿ, 100 ಮಿ.ಮೀ. ಉದ್ದದ್ದು. ಅದು ನಕ್ಷೆಯ ಜೊತೆಗೇ ಕುಗ್ಗುತ್ತದೆ. ಹಾಳೆಯ ಅಂಚಿನ ಕೆಲವು ಮಿ.ಮೀ. ಯಂತ್ರ ಮುದ್ರಿಸುವುದಿಲ್ಲ, ಸುತ್ತ 10 ಮಿ.ಮೀ. ಖಾಲಿ ಬಿಟ್ಟರೆ ಸೂಚಿಯ ಕೊನೆಯ ಸಾಲು ಕತ್ತರಿಸಿಹೋಗುವುದಿಲ್ಲ.

ಪರೀಕ್ಷೆಯನ್ನು ಪರದೆಯ ಮೇಲೆ ಮುಗಿಸಬೇಡಿ. `View > Preview Mode`ನಲ್ಲಿ ಬೂದು ಮಾಡಿ ನೋಡುವುದು ಮೊದಲ ಜರಡಿ ಅಷ್ಟೇ, ಪುಡಿ ಹರಡುವುದನ್ನೂ ಗೆರೆ ತುಂಡಾಗುವುದನ್ನೂ ಅದು ತೋರಿಸದು. ಎ3 ಮುದ್ರಿಸಿ, ಅದನ್ನು 71%ಕ್ಕೆ ಇಳಿಸಿ ಎ4 ಪ್ರತಿ ತೆಗೆಸಿ, ಆ ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು. ಸಾಧ್ಯವಾದರೆ ಮೂರೂ ಬೇರೆ ಅಂಗಡಿಗಳಲ್ಲಿ, ಒಂದನ್ನು ಒಂದು ಹಂತ ಗಾಢವಾಗಿ, ಏಕೆಂದರೆ ಮಸುಕಾದ ಕಾಗದ ಕಂಡರೆ ಅಂಗಡಿಯವರು ಗಾಢತೆ ಏರಿಸುವುದು ಸಹಜ. ಮೂರನೆಯ ಪ್ರತಿಯನ್ನು ನಕ್ಷೆಯನ್ನು ಹಿಂದೆ ನೋಡಿರದ ಒಬ್ಬರ ಕೈಗೆ ಕೊಟ್ಟು, ಹತ್ತು ಸರ್ವೆ ನಂಬರು ಹೇಳಿ, ಒಂದೊಂದೂ ಯಾವ ಬಗೆ ಎಂದು ಕೇಳಿ. ಗುರುತಕ್ಷರಗಳನ್ನು ತೆಗೆದ ಪ್ರತಿಯೊಂದನ್ನು ಇದಕ್ಕೆಂದೇ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಅವರು ವಿನ್ಯಾಸವನ್ನು ನೋಡದೆ ಅಕ್ಷರ ಓದಿ ಉತ್ತರಿಸುತ್ತಾರೆ.

ತಪ್ಪು ಉತ್ತರ ಬಂದರೆ ಅದು ಯಾವ ಜೋಡಿಯಲ್ಲಿ ಎಂದು ಬರೆದುಕೊಳ್ಳಿ. ಕೆರೆ ಮತ್ತು ಊರು ಬೆರೆತರೆ ಸಂದು ತುಂಬಿದೆ ಎಂದರ್ಥ, ಅಂತರವನ್ನು 0.2 ಮಿ.ಮೀ. ಹೆಚ್ಚಿಸಿ. ಗೋಮಾಳವನ್ನು ಖುಷ್ಕಿ ಎಂದರೆ ಕಡ್ಡಿಗಳು ಅಳಿಸಿಹೋಗಿವೆ, ಅವನ್ನು 0.35ಕ್ಕೆ ದಪ್ಪ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಮೂರು ಪ್ರತಿ ತೆಗೆಸಿ. ಎರಡು ಮೂರು ಸುತ್ತಿನಲ್ಲಿ ಸಾಮಾನ್ಯವಾಗಿ ಹತ್ತಕ್ಕೆ ಹತ್ತೂ ಸರಿ ಬರುತ್ತವೆ. ಆ ಮೂರನೆಯ ಪ್ರತಿಯನ್ನು ಅಳತೆಗಳ ಚೀಟಿಯೊಂದಿಗೆ ಕಡತದಲ್ಲಿ ಇಟ್ಟರೆ, ಪಕ್ಕದ ಗ್ರಾಮದ ನಕ್ಷೆ ಮಾಡುವಾಗ ಮೊದಲಿನಿಂದ ಶುರುಮಾಡಬೇಕಿಲ್ಲ.